ಮಾರಿದ ದಿನವೇ ತೆರಿಗೆ ಎತ್ತಿಡಿ

ಆಕಾಶವಾಣಿಯ ಕೇಳುಗರಿಗೆ ನಮಸ್ಕಾರ.

ಇವತ್ತು ನಾನು ಮಾತಾಡುತ್ತಿರುವುದು ತಿಂಗಳ ಸಂಬಳ ಇಲ್ಲದವರ ಜೊತೆ. ಮನೆಯ ಒಂದು ಕೋಣೆಯಲ್ಲಿ ಕೂತು ಬೇರೆ ಬೇರೆ ಕಡೆಗೆ ಕೆಲಸ ಮಾಡಿಕೊಡುವವರು. ಅನುವಾದ ಮಾಡುವವರು, ಚಿತ್ರ ಬರೆಯುವವರು, ವೆಬ್‌ಸೈಟ್ ಕಟ್ಟಿಕೊಡುವವರು. ಬಂದ ದುಡ್ಡಲ್ಲಿ ಸ್ವಲ್ಪ ಉಳಿಸಿ ಮ್ಯೂಚುವಲ್ ಫಂಡಿಗೆ ಹಾಕುತ್ತಾ ಬಂದವರು. ಬೆಂಗಳೂರಿನಲ್ಲಿ ಈಗ ಬೀದಿಗೆ ಹತ್ತು ಜನ ಹೀಗಿದ್ದಾರೆ. ನಾನು ಲೆಕ್ಕ ಪರಿಶೋಧಕ. ಪ್ರತಿ ವರ್ಷ ಜುಲೈ ಬಂತೆಂದರೆ ಇವರಲ್ಲಿ ಅರ್ಧ ಜನ ಗಾಬರಿಯಿಂದ ನನ್ನ ಆಫೀಸಿನ ಮೆಟ್ಟಿಲು ಹತ್ತುತ್ತಾರೆ. ಆ ಗಾಬರಿ ಬೇಡವಾಗಿತ್ತು ಅನ್ನುವುದೇ ನನ್ನ ಸಂಕಟ.

ಒಂದೇ ಮಾತು ಹೇಳಬೇಕು ಅಂತ ಬಂದಿದ್ದೇನೆ. ಷೇರು ಅಥವಾ ಫಂಡ್ ಮಾರಿದ ದಿನವೇ ಅದರ ತೆರಿಗೆಯನ್ನು ಬೇರೆ ಎತ್ತಿಡಿ, ಮುಂದೆ ಬರುವ ಹದಿನೈದನೇ ತಾರೀಖಿಗೆ ಕಟ್ಟಿಬಿಡಿ. ಆ ಹದಿನೈದು ಯಾವುದು? ಜೂನ್ 15, ಸೆಪ್ಟೆಂಬರ್ 15, ಡಿಸೆಂಬರ್ 15, ಮಾರ್ಚ್ 15. ನಾಲ್ಕೇ ದಿನ. ಗೋಡೆಯ ಕ್ಯಾಲೆಂಡರಿನಲ್ಲಿ ಈಗಲೇ ಗುರುತು ಹಾಕಿಕೊಳ್ಳಿ.

ಒಬ್ಬ ಹೆಣ್ಣುಮಗಳ ಲೆಕ್ಕ ಹೇಳುತ್ತೇನೆ. ಕೆಲವು ವರ್ಷದ ಹಿಂದಿನ ಮಾತು. ಆದರೆ ಅಂಕಿಗಳನ್ನು 2025-26ರ ಹೊಸ ತೆರಿಗೆ ಪದ್ಧತಿಯ ದರಕ್ಕೆ ಹೊಂದಿಸಿ ಹೇಳುತ್ತೇನೆ, ನಿಮಗೆ ಉಪಯೋಗವಾಗಲಿ ಅಂತ.

ಜುಲೈ ತಿಂಗಳ ಕೊನೆಯ ವಾರ. ಹೊರಗೆ ಸಣ್ಣ ಮಳೆ. ಸಂಜೆ ಆರೂವರೆ ಹೊತ್ತಿಗೆ ಆಕೆ ತಾಯಿಯನ್ನು ಕರೆದುಕೊಂಡು ಬಂದರು. ಮಕ್ಕಳ ಪುಸ್ತಕಕ್ಕೆ ಚಿತ್ರ ಬರೆಯುವವರು. ಬಸವನಗುಡಿಯಲ್ಲಿ ಮನೆ, ಮಹಡಿಯ ಕೋಣೆಯೇ ಆಫೀಸು. ಲೆಕ್ಕ ತೋರಿಸಮ್ಮ ಅಂದೆ. ಬ್ಯಾಗಿನಿಂದ ಚಿತ್ರದ ಪುಸ್ತಕ ತೆಗೆದು, ಅದರ ಕೊನೆಯ ಪುಟಗಳನ್ನು ತಿರುಗಿಸಿ ಇಟ್ಟರು. ಪೆನ್ಸಿಲಿನಲ್ಲಿ ಬರೆದ ಲೆಕ್ಕ. ಪ್ರತಿ ಬಿಲ್ಲಿನ ಎದುರಿಗೆ ತಾರೀಖು, ಮೊತ್ತ. ದುಡ್ಡು ಬಂದ ಮೇಲೆ ಅದರ ಪಕ್ಕದಲ್ಲಿ ಒಂದು ಪುಟ್ಟ ಗುಬ್ಬಿ. ಗುಬ್ಬಿ ಇಲ್ಲದ ಬಿಲ್ಲು ಅಂದರೆ ಇನ್ನೂ ಬರಬೇಕಾದ ದುಡ್ಡು. ಇಷ್ಟು ಅಚ್ಚುಕಟ್ಟಾಗಿ ಲೆಕ್ಕ ಇಟ್ಟವರನ್ನು ನಾನು ನೋಡಿದ್ದು ಕಡಿಮೆ. ಒಂದು ಬಿಲ್ಲೂ ತಪ್ಪಿರಲಿಲ್ಲ.

ವರ್ಷಕ್ಕೆ ಬಂದದ್ದು 19 ಲಕ್ಷ. ಅದರಲ್ಲಿ 15 ಲಕ್ಷ ಹೊರದೇಶದ ಒಬ್ಬ ಪ್ರಕಾಶಕರಿಂದ, 4 ಲಕ್ಷ ಇಲ್ಲಿಯವರಿಂದ. ಖರ್ಚು 3 ಲಕ್ಷ. ಲಾಭ 16 ಲಕ್ಷ. ಇಲ್ಲಿಯ 4 ಲಕ್ಷಕ್ಕೆ ಶೇಕಡಾ 10ರಂತೆ 40,000 ರೂಪಾಯಿ ಟಿಡಿಎಸ್ ಹಿಡಿದಿದ್ದರು. ಹೊರದೇಶದ 15 ಲಕ್ಷಕ್ಕೆ ಯಾರೂ ಒಂದು ಪೈಸೆ ಹಿಡಿದಿರಲಿಲ್ಲ. ಅಲ್ಲಿಯವರು ನಮ್ಮ ಸರ್ಕಾರಕ್ಕೆ ಟಿಡಿಎಸ್ ಕಟ್ಟುವುದಿಲ್ಲ, ಅಲ್ವಾ?

"ಸರ್, ಹತ್ತು ಪರ್ಸೆಂಟ್ ಕಟ್ ಆಗಿದೆಯಲ್ಲ, ಮತ್ತೇನು ಕಟ್ಟಬೇಕು?" ಅಂತ ಆಕೆ ಕೇಳಿದರು. ಇದೇ ಪ್ರಶ್ನೆಯನ್ನು ನಾನು ನೂರು ಸಲ ಕೇಳಿಸಿಕೊಂಡಿದ್ದೇನೆ. ಟಿಡಿಎಸ್ ಅನ್ನುವುದು ತೆರಿಗೆಯಲ್ಲಿ ಒಂದು ತುಂಡು. ಯಾರೋ ಹಿಡಿದ ಒಂದು ತುಂಡು. ಉಳಿದ ತುಂಡು ನಿಮ್ಮ ಕೈಯಲ್ಲೇ ಇರುತ್ತದೆ.

ಲೆಕ್ಕ ಹಾಕಿದೆವು. ಹೊಸ ಪದ್ಧತಿಯಲ್ಲಿ ಮೊದಲ 4 ಲಕ್ಷಕ್ಕೆ ತೆರಿಗೆ ಇಲ್ಲ. ಮುಂದಿನ 4 ಲಕ್ಷಕ್ಕೆ ಶೇಕಡಾ 5, ಅಂದರೆ 20,000. ಅದರ ಮುಂದಿನ 4 ಲಕ್ಷಕ್ಕೆ ಶೇಕಡಾ 10, 40,000. ಮತ್ತೆ 4 ಲಕ್ಷಕ್ಕೆ ಶೇಕಡಾ 15, 60,000. ಒಟ್ಟು 1,20,000. ಅದರ ಮೇಲೆ ಶೇಕಡಾ 4 ಸೆಸ್ ಸೇರಿ 1,24,800. ಟಿಡಿಎಸ್ 40,000 ಕಳೆದರೆ ಉಳಿದದ್ದು 84,800 ರೂಪಾಯಿ.

ಹೀಗೆ ಉಳಿಯುವ ತೆರಿಗೆ ವರ್ಷಕ್ಕೆ 10,000 ರೂಪಾಯಿ ಮುಟ್ಟಿದರೆ ಸಾಕು, ಮುಂಗಡ ತೆರಿಗೆ ಕಟ್ಟಲೇಬೇಕು, ಅಂದರೆ ವರ್ಷ ನಡೆಯುತ್ತಿರುವಾಗಲೇ ಕಂತಿನಲ್ಲಿ ಕಟ್ಟಬೇಕು. ರಿಟರ್ನ್ ಸಲ್ಲಿಸುವಾಗ ಕಟ್ಟಿದರಾಯಿತು ಅನ್ನುವ ಹಾಗಿಲ್ಲ.

ಆಮೇಲೆ ಆಕೆಯ ತಾಯಿ ಮೆಲ್ಲಗೆ ಹೇಳಿದರು. "ನವೆಂಬರಿನಲ್ಲಿ ಫಂಡ್ ಮಾರಿದ್ವಿ ಸರ್. ಫ್ಲ್ಯಾಟಿಗೆ ಅಡ್ವಾನ್ಸ್ ಕೊಡಬೇಕಿತ್ತು. ಪೂರ್ತಿ ದುಡ್ಡು ಬ್ಯಾಂಕಿಗೆ ಬಂತು, ಏನೂ ಹಿಡಿದುಕೊಳ್ಳಲಿಲ್ಲ. ಅಂದರೆ ತೆರಿಗೆ ಇಲ್ಲ ಅಂದುಕೊಂಡ್ವಿ."

ನನಗೆ ಎದೆ ಧಸಕ್ ಅಂತು. ಯಾಕೆಂದರೆ ಅಲ್ಲೇ ಇದ್ದದ್ದು ದೊಡ್ಡ ಪೆಟ್ಟು. ಇಲ್ಲಿಯೇ ವಾಸವಾಗಿರುವವರು ಮ್ಯೂಚುವಲ್ ಫಂಡ್ ಮಾರಿದಾಗ ಟಿಡಿಎಸ್ ಹಿಡಿಯುವುದಿಲ್ಲ. ಪೂರ್ತಿ ಹಣ ಖಾತೆಗೆ ಬರುತ್ತದೆ. ಆದರೆ ತೆರಿಗೆ ಇಲ್ಲ ಅಂತಲ್ಲ. ನೀವೇ ಕಟ್ಟಿ ಅಂತ.

ಮಾರಿದ್ದು 14 ಲಕ್ಷಕ್ಕೆ. ಎಂಟು ವರ್ಷದಲ್ಲಿ ಹಾಕಿದ್ದು 8,75,000. ಲಾಭ 5,25,000. ಅದು ಷೇರಿನಲ್ಲಿ ಹಣ ಹೂಡುವ ಫಂಡ್, ವರ್ಷಕ್ಕಿಂತ ಜಾಸ್ತಿ ಇಟ್ಟುಕೊಂಡದ್ದು. ಅಂಥ ಲಾಭದಲ್ಲಿ ವರ್ಷಕ್ಕೆ 1,25,000 ರೂಪಾಯಿಗೆ ತೆರಿಗೆ ಇಲ್ಲ. ಉಳಿದ 4 ಲಕ್ಷಕ್ಕೆ ಶೇಕಡಾ 12.5, ಅಂದರೆ 50,000. ಸೆಸ್ ಸೇರಿ 52,000. ಮೊದಲಿನ 84,800ಕ್ಕೆ ಇದನ್ನು ಸೇರಿಸಿ. 1,36,800 ರೂಪಾಯಿ.

ಇಡೀ ವರ್ಷದಲ್ಲಿ ಆಕೆ ತಾವಾಗಿ ಕಟ್ಟಿದ್ದು ಸೊನ್ನೆ.

ಎರಡು ಬಡ್ಡಿ ಬಿತ್ತು. ಜನ ಇದನ್ನು ದಂಡ ಅನ್ನುತ್ತಾರೆ. ಅದು ದಂಡ ಅಲ್ಲ, ಬಡ್ಡಿ. ರಿಟರ್ನ್ ತುಂಬುವಾಗ ಅದು ತಾನಾಗಿಯೇ ಲೆಕ್ಕಕ್ಕೆ ಬಂದು ಕೂರುತ್ತದೆ. ಮೊದಲನೆಯದು, ನಾಲ್ಕು ಕಂತುಗಳನ್ನು ತಪ್ಪಿಸಿದ್ದಕ್ಕೆ. ಎರಡನೆಯದು, ಮಾರ್ಚ್ ಮುಗಿಯುವಷ್ಟರಲ್ಲಿ ಶೇಕಡಾ 90ರಷ್ಟಾದರೂ ಕಟ್ಟದೇ ಇದ್ದದ್ದಕ್ಕೆ. ಇದು ಏಪ್ರಿಲ್‌ನಿಂದ ಶುರುವಾಗಿ ಕಟ್ಟುವ ತನಕ ತಿಂಗಳಿಗೆ ಶೇಕಡಾ 1ರಂತೆ ಏರುತ್ತದೆ. ಎರಡೂ ಸೇರಿ 11,000 ರೂಪಾಯಿಗೆ ಮೇಲೆ ಹೋಯಿತು.

ಆದರೆ ನಿಜ ಹೇಳಬೇಕೆಂದರೆ, ಆಕೆಯ ಕಣ್ಣಲ್ಲಿ ನೀರು ಬಂದದ್ದು ಆ ಹನ್ನೊಂದು ಸಾವಿರಕ್ಕಲ್ಲ. 14 ಲಕ್ಷವೂ ಫ್ಲ್ಯಾಟಿಗೆ ಹೋಗಿತ್ತು. ಖಾತೆಯಲ್ಲಿ ಇದ್ದದ್ದು ನಲವತ್ತು ಸಾವಿರ ಚಿಲ್ಲರೆ. ಜುಲೈ 31ರೊಳಗೆ ಒಂದೂವರೆ ಲಕ್ಷದ ಹತ್ತಿರ ಹೊಂದಿಸಬೇಕು. ಆ ರಾತ್ರಿಯೇ ಮೈಸೂರಿನಲ್ಲಿದ್ದ ಸೋದರಮಾವನಿಗೆ ಫೋನ್ ಮಾಡಿದರು. ಅವರು ಕೊಟ್ಟರು. ಎಲ್ಲರಿಗೂ ಅಂಥ ಮಾವ ಇರುವುದಿಲ್ಲ.

ನವೆಂಬರಿನಲ್ಲಿ 14 ಲಕ್ಷ ಬಂದ ದಿನ 52,000 ಬೇರೆ ಖಾತೆಗೆ ಹಾಕಿ, ಉಳಿದದ್ದನ್ನು ಮಾತ್ರ ಫ್ಲ್ಯಾಟಿಗೆ ಕೊಟ್ಟಿದ್ದರೆ? ಅದಕ್ಕೇ ಹೇಳುವುದು, ಮಾರಿದ ದಿನವೇ ಎತ್ತಿಡಿ.

ಎಷ್ಟು ಎತ್ತಿಡಬೇಕು ಅನ್ನುವುದಕ್ಕೆ ಸುಲಭದ ಲೆಕ್ಕ ಕೊಡುತ್ತೇನೆ, ಬರೆದುಕೊಳ್ಳಿ. ಷೇರು ಅಥವಾ ಷೇರಿನ ಫಂಡ್ ವರ್ಷಕ್ಕಿಂತ ಜಾಸ್ತಿ ಇಟ್ಟು ಮಾರಿದರೆ, ಆ 1,25,000 ಕಳೆದು ಉಳಿದ ಪ್ರತಿ ಲಕ್ಷ ಲಾಭಕ್ಕೆ 13,000 ರೂಪಾಯಿ. ವರ್ಷ ತುಂಬುವ ಮೊದಲೇ ಮಾರಿದರೆ ಕಳೆಯುವುದು ಏನೂ ಇಲ್ಲ, ಪ್ರತಿ ಲಕ್ಷ ಲಾಭಕ್ಕೆ 20,800 ರೂಪಾಯಿ. ಸೆಸ್ ಸೇರಿಸಿಯೇ ಹೇಳಿದ್ದೇನೆ. ಲಾಭಕ್ಕೆ ಅಂದೆ, ಮಾರಿದ ಮೊತ್ತಕ್ಕಲ್ಲ.

ಇನ್ನೊಂದು ತಪ್ಪು ತಿಳಿವಳಿಕೆ ಇಲ್ಲೇ ಹೋಗಲಿ. 12 ಲಕ್ಷದವರೆಗೆ ತೆರಿಗೆಯೇ ಇಲ್ಲ ಅಂತ ಎಲ್ಲರೂ ಹೇಳುತ್ತಾರೆ. ಆ ರಿಯಾಯಿತಿ ಷೇರು ಮತ್ತು ಷೇರಿನ ಫಂಡ್ ಮಾರಿದ ಈ ಲಾಭಕ್ಕೆ ಸಿಗುವುದಿಲ್ಲ. ಅದನ್ನು ನಂಬಿಕೊಂಡು ಫಂಡ್ ಮಾರಬೇಡಿ.

ಈಗ, ಅದೇ ವರ್ಷವನ್ನು ಆಕೆ ಸರಿಯಾಗಿ ಹೇಗೆ ದಾಟಬಹುದಿತ್ತು ನೋಡೋಣ. ಇದನ್ನು ಸಮಾಧಾನವಾಗಿ ಕೇಳಿ. ಯಾಕೆಂದರೆ ಎಲ್ಲರೂ ಹೆದರುವುದು ಒಂದಕ್ಕೇ. ಜೂನ್ ತಿಂಗಳಲ್ಲಿ ಕೂತು ಮುಂದಿನ ಮಾರ್ಚ್‌ವರೆಗೆ ಎಷ್ಟು ದುಡಿಯುತ್ತೇನೆ ಅಂತ ನನಗೇನು ಗೊತ್ತು ಸರ್ ಅಂತಾರೆ. ನಿಜ, ಗೊತ್ತಿಲ್ಲ. ಗೊತ್ತಿರಬೇಕಾಗಿಯೂ ಇಲ್ಲ.

ಜೂನ್ 15ಕ್ಕೆ ವರ್ಷದ ತೆರಿಗೆಯಲ್ಲಿ ಶೇಕಡಾ 15 ಕಟ್ಟಿರಬೇಕು. ಸೆಪ್ಟೆಂಬರ್ 15ಕ್ಕೆ ಒಟ್ಟು ಶೇಕಡಾ 45. ಡಿಸೆಂಬರ್ 15ಕ್ಕೆ ಒಟ್ಟು 75. ಮಾರ್ಚ್ 15ಕ್ಕೆ ಪೂರ್ತಿ. ಜೂನ್ ತಿಂಗಳಲ್ಲಿ ಏನೂ ಗೊತ್ತಿಲ್ಲದಿದ್ದರೆ ಹೋದ ವರ್ಷದ ಲಾಭವನ್ನೇ ಈ ವರ್ಷದ್ದು ಅಂತ ಹಿಡಿಯಿರಿ. ಆಕೆಯ ಹಿಂದಿನ ವರ್ಷದ ಲಾಭ 13 ಲಕ್ಷ. ಅದರ ಮೇಲೆ ತೆರಿಗೆ 78,000. ಟಿಡಿಎಸ್ 40,000 ಕಳೆದರೆ 38,000. ಅದರಲ್ಲಿ ಶೇಕಡಾ 15 ಅಂದರೆ 5,700 ರೂಪಾಯಿ. ಜೂನ್‌ನಲ್ಲಿ ಅಷ್ಟು ಕಟ್ಟಿದರೆ ಆಯಿತು.

ಆಗಸ್ಟಿನಲ್ಲಿ ಹೊರದೇಶದ ಪ್ರಕಾಶಕರು ಹೊಸ ಪುಸ್ತಕದ ಕೆಲಸ ಕೊಟ್ಟರು. ಲಾಭ 16 ಲಕ್ಷ ಮುಟ್ಟುತ್ತದೆ ಅಂತ ಆಗ ಗೊತ್ತಾಯಿತು. ಸೆಪ್ಟೆಂಬರಿನಲ್ಲಿ ಲೆಕ್ಕ ತಿದ್ದಿಕೊಳ್ಳುವುದು. ಕಟ್ಟಬೇಕಾದದ್ದು 84,800. ಅದರಲ್ಲಿ ಶೇಕಡಾ 45 ಅಂದರೆ 38,160. ಜೂನ್‌ನಲ್ಲಿ ಕಟ್ಟಿದ 5,700 ಕಳೆದು 32,460 ಕಟ್ಟುವುದು.

ನವೆಂಬರಿನಲ್ಲಿ ಫಂಡ್ ಮಾರಿದರು. ಡಿಸೆಂಬರ್ 15ಕ್ಕೆ ಕೆಲಸದ ಆದಾಯದ ಕಂತು 25,440. ಅದರ ಜೊತೆ ಫಂಡಿನ 52,000ವನ್ನೂ ಪೂರ್ತಿ ಕಟ್ಟಿಬಿಡುವುದು. ಒಟ್ಟು 77,440. ಮಾರ್ಚ್ 15ಕ್ಕೆ ಉಳಿದ 21,200. ಮುಗಿಯಿತು.

ಈಗ ನೋಡಿ, ಜೂನ್‌ನಲ್ಲಿ ಅಂದಾಜು ತಪ್ಪಿತ್ತು ಅಲ್ವಾ? 12,720 ಕಟ್ಟಬೇಕಾದಲ್ಲಿ 5,700 ಕಟ್ಟಿದ್ದರು. ಆ ತಪ್ಪಿಗೆ ಬೀಳುವ ಬಡ್ಡಿ ಎಷ್ಟು ಗೊತ್ತಾ? 210 ರೂಪಾಯಿ. ಇಡೀ ವರ್ಷಕ್ಕೆ ಅಷ್ಟೇ. 11,000 ಎಲ್ಲಿ, 210 ಎಲ್ಲಿ! ಅಂದಾಜು ತಪ್ಪುತ್ತದೆ ಅನ್ನುವ ಹೆದರಿಕೆಗೆ ಏನೂ ಕಟ್ಟದೇ ಕೂರಬೇಡಿ ಅಂತ ನಾನು ಇಷ್ಟು ಒತ್ತಿ ಹೇಳುವುದು ಇದಕ್ಕೇ.

ಕಾನೂನೇ ಸ್ವಲ್ಪ ಸಡಿಲ ಕೊಟ್ಟಿದೆ. ಜೂನ್‌ನಲ್ಲಿ 15ರ ಬದಲು ಶೇಕಡಾ 12 ಕಟ್ಟಿದ್ದರೂ, ಸೆಪ್ಟೆಂಬರಿನಲ್ಲಿ 45ರ ಬದಲು ಶೇಕಡಾ 36 ಕಟ್ಟಿದ್ದರೂ ಆ ಕಂತಿಗೆ ಬಡ್ಡಿ ಇಲ್ಲ. ಅಂದರೆ ಐದರಲ್ಲಿ ಒಂದು ಪಾಲು ಕಡಿಮೆ ಬಿದ್ದರೂ ನಡೆಯುತ್ತದೆ. ಡಿಸೆಂಬರಿನಲ್ಲಿ ಈ ಸಡಿಲ ಇಲ್ಲ. ಹಾಗಾಗಿ ಡಿಸೆಂಬರ್ ಮೊದಲ ವಾರ ಒಂದು ಸಂಜೆ ಕೂತು, ಬಂದ ದುಡ್ಡನ್ನೆಲ್ಲ ಕೂಡಿ ನೋಡಿ.

ಫಂಡಿನ ವಿಷಯದಲ್ಲಂತೂ ಕಾನೂನು ತುಂಬ ನ್ಯಾಯವಾಗಿದೆ. ನವೆಂಬರಿನಲ್ಲಿ ಮಾರುತ್ತೀರಿ ಅಂತ ಜೂನ್‌ನಲ್ಲಿ ಯಾರಿಗೂ ಗೊತ್ತಿರುವುದಿಲ್ಲ. ಅದಕ್ಕೇ ಮಾರಿದ ಮೇಲೆ ಬರುವ ಕಂತುಗಳಲ್ಲಿ ಅದರ ತೆರಿಗೆ ಕಟ್ಟಿದರೆ ಹಿಂದಿನ ಕಂತುಗಳಿಗೆ ಬಡ್ಡಿ ಹಾಕುವುದಿಲ್ಲ. ಲಾಭಾಂಶಕ್ಕೂ ಹೀಗೆಯೇ. ಆದರೆ ನೀವು ಕಟ್ಟಿದ್ದರೆ ಮಾತ್ರ ಈ ಅನುಕೂಲ. ಮಾರಿದ ದಿನ ಎತ್ತಿಡಿ, ಮುಂದಿನ ಹದಿನೈದಕ್ಕೆ ಕಟ್ಟಿ.

ಹದಿನೈದಕ್ಕೆ ಅಂದರೆ ಹದಿನೈದಕ್ಕೇ. ಡಿಸೆಂಬರ್ 16ಕ್ಕೆ ಕಟ್ಟಿದರೆ ಒಂದು ದಿನದ ಬಡ್ಡಿ ಅಲ್ಲ, ಮೂರು ತಿಂಗಳ ಬಡ್ಡಿ ಬೀಳುತ್ತದೆ. ಜೂನ್, ಸೆಪ್ಟೆಂಬರ್ ಕಂತಿಗೂ ಅಷ್ಟೇ. ಕೊನೆಯ ದಿನದ ರಾತ್ರಿಗೆ ಇಟ್ಟುಕೊಳ್ಳಬೇಡಿ. ಹತ್ತನೇ ತಾರೀಖಿಗೆ ಕಟ್ಟಿದರೆ ಯಾರೂ ಬೇಡ ಅನ್ನುವುದಿಲ್ಲ.

ಆ ಹೆಣ್ಣುಮಗಳು ಮುಂದಿನ ವರ್ಷದಿಂದ ಏನು ಮಾಡಿದರು ಅಂದರೆ, ಇನ್ನೊಂದು ಉಳಿತಾಯ ಖಾತೆ ತೆರೆದರು. ಹಿಂದಿನ ವರ್ಷ ಟಿಡಿಎಸ್ ಕಳೆದು ಉಳಿದ ತೆರಿಗೆ 84,800. ಟಿಡಿಎಸ್ ಹಿಡಿಯದೆ ಬಂದ ದುಡ್ಡು 15 ಲಕ್ಷ. ಭಾಗಿಸಿದರೆ ಲಕ್ಷಕ್ಕೆ ಐದೂಮುಕ್ಕಾಲು ಸಾವಿರದ ಹತ್ತಿರ. ಅವರು 6,000 ಅಂತ ಇಟ್ಟುಕೊಂಡರು. ಹೊರದೇಶದಿಂದ ಪ್ರತಿ ಲಕ್ಷ ಬಂದಾಗ ಅವತ್ತೇ 6,000 ಆ ಖಾತೆಗೆ. ನಿಮ್ಮ ಹೋದ ವರ್ಷದ ಲೆಕ್ಕದಿಂದ ನಿಮ್ಮ ಸಂಖ್ಯೆಯನ್ನು ನೀವೂ ಹೀಗೇ ತೆಗೆದುಕೊಳ್ಳಬಹುದು. ಆಕೆಯ ಚಿತ್ರದ ಪುಸ್ತಕದಲ್ಲಿ ಈಗ ಗುಬ್ಬಿಯ ಪಕ್ಕ ಒಂದು ಪುಟ್ಟ ಗೂಡೂ ಇರುತ್ತದೆ. ಗೂಡು ಇದ್ದರೆ ತೆರಿಗೆ ಎತ್ತಿಟ್ಟಾಗಿದೆ ಅಂತ ಅರ್ಥ.

ಸಮಯ ಹತ್ತಿರ ಬರುತ್ತಿದೆ, ಉಳಿದದ್ದನ್ನು ಬೇಗ ಹೇಳುತ್ತೇನೆ.

ಕಟ್ಟುವುದು ಎಲ್ಲಿ? incometax.gov.in ತಾಣದಲ್ಲಿ e-Pay Tax ಅಂತ ಇದೆ. ಪ್ಯಾನ್ ನಂಬರ್ ಕೊಟ್ಟು, ಬಗೆಯಲ್ಲಿ Advance Tax (100) ಆರಿಸಿ. ಎಡವುವುದು ವರ್ಷ ಆರಿಸುವಾಗ. 2025-26ರಲ್ಲಿ ದುಡಿದದ್ದಕ್ಕೆ ಆರಿಸಬೇಕಾದ ಅಸೆಸ್‌ಮೆಂಟ್ ವರ್ಷ 2026-27. ಎಷ್ಟೋ ಜನ ದುಡಿದ ವರ್ಷವನ್ನೇ ಒತ್ತಿಬಿಡುತ್ತಾರೆ. ದುಡ್ಡು ಹಿಂದಿನ ವರ್ಷದ ಲೆಕ್ಕಕ್ಕೆ ಹೋಗಿ ಕೂರುತ್ತದೆ, ಈ ವರ್ಷ ಕಟ್ಟಿಲ್ಲ ಅಂತ ಬಡ್ಡಿ ಬೀಳುತ್ತದೆ. 2026ರ ಏಪ್ರಿಲ್ 1ರಿಂದ ದುಡಿದದ್ದಕ್ಕೆ ಹೊಸ ಆದಾಯ ತೆರಿಗೆ ಕಾಯ್ದೆ. ಅದರಲ್ಲಿ ದುಡಿದ ವರ್ಷವನ್ನೇ ತೆರಿಗೆ ವರ್ಷ ಅನ್ನುತ್ತಾರೆ. ಹಾಗಾಗಿ ಪರದೆಯಲ್ಲಿ ಯಾವ ವರ್ಷ ಕಾಣುತ್ತಿದೆ ಅಂತ ಎರಡು ಸಲ ಓದಿ ಆಮೇಲೆ ಒತ್ತಿ. ಚಲನ್ ಇಳಿಸಿಕೊಂಡು ಇಟ್ಟುಕೊಳ್ಳಿ.

ಟಿಡಿಎಸ್ ಕಳೆಯುವ ಮೊದಲು ಅದು ನಿಜವಾಗಿ ನಿಮ್ಮ ಹೆಸರಿಗೆ ಬಂದಿದೆಯೇ ನೋಡಿ. ಅದೇ ತಾಣದಲ್ಲಿ ನಿಮ್ಮ ಟಿಡಿಎಸ್ ಪಟ್ಟಿ ಸಿಗುತ್ತದೆ, 2025-26ರ ದುಡಿಮೆಗೆ ಅದರ ಹೆಸರು Form 26AS. ಏಪ್ರಿಲ್‌ನಿಂದ ಜೂನ್‌ವರೆಗೆ ಹಿಡಿದದ್ದರ ಲೆಕ್ಕ ಕೊಡಲು ಅದನ್ನು ಹಿಡಿದವರಿಗೆ ಜುಲೈ 31ರವರೆಗೆ ಸಮಯ ಇರುತ್ತದೆ. ಹಾಗಾಗಿ ಸೆಪ್ಟೆಂಬರ್ ಕಂತಿನ ಹೊತ್ತಿಗೆ ಅದು ಕಾಣಬೇಕು. ಕಾಣದಿದ್ದರೆ ಆಗಲೇ ಕೆಲಸ ಕೊಟ್ಟವರನ್ನು ಕೇಳಿ. ಮುಂದಿನ ಜುಲೈಗೆ ಕೇಳಿದರೆ ಫೋನ್ ಎತ್ತುವವರು ಸಿಗುವುದಿಲ್ಲ.

ಸಾಫ್ಟ್‌ವೇರ್ ಕೆಲಸದವರು, ಎಂಜಿನಿಯರುಗಳು, ವಕೀಲರು, ವೈದ್ಯರು, ಇಂಥ ಕೆಲವು ವೃತ್ತಿಯವರಿಗೆ ಬಂದ ಹಣದ ಅರ್ಧವನ್ನೇ ಲಾಭ ಅಂತ ತೋರಿಸುವ ಅವಕಾಶ ಇದೆ. ವರ್ಷಕ್ಕೆ 50 ಲಕ್ಷದವರೆಗೆ, ನಗದು ಶೇಕಡಾ 5 ಮೀರದಿದ್ದರೆ 75 ಲಕ್ಷದವರೆಗೆ. ಹಾಗೆ ತೋರಿಸುವವರಿಗೆ ನಾಲ್ಕು ಕಂತಿಲ್ಲ, ಮಾರ್ಚ್ 15 ಒಂದೇ ದಿನ. ಚಿತ್ರ ಬರೆಯುವ ನಮ್ಮ ಹೆಣ್ಣುಮಗಳ ವೃತ್ತಿ ಆ ಪಟ್ಟಿಯಲ್ಲಿ ಇಲ್ಲ, ಅದಕ್ಕೇ ನಾಲ್ಕು ಕಂತು.

ಈ ಹೊತ್ತಿನಲ್ಲಿ ರೇಡಿಯೋ ಹಾಕಿಕೊಂಡು ಕೂತ ಹಿರಿಯರು ಗಾಬರಿಯಾಗಬೇಡಿ. 60 ವರ್ಷ ತುಂಬಿ, ವ್ಯಾಪಾರ ಅಥವಾ ವೃತ್ತಿಯ ಆದಾಯ ಇಲ್ಲದವರಿಗೆ ಮುಂಗಡ ತೆರಿಗೆ ಇಲ್ಲ. ಪಿಂಚಣಿ, ಬಡ್ಡಿ, ಫಂಡಿನ ಲಾಭ ಇದ್ದರೂ ರಿಟರ್ನ್ ಸಲ್ಲಿಸುವಾಗ ಕಟ್ಟಿದರೆ ಸಾಕು. ನಿವೃತ್ತಿ ಆದ ಮೇಲೆ ಸಲಹೆಗಾರರಾಗಿ ಫೀಸು ತೆಗೆದುಕೊಳ್ಳುತ್ತಿದ್ದರೆ ಮಾತ್ರ ನಿಮಗೂ ಈ ತಾರೀಖುಗಳು ಅನ್ವಯ.

ಕೊನೆಯದು, ಮಾರ್ಚ್ 15 ದಾಟಿದ ಮೇಲೆ ಫಂಡ್ ಮಾರಿದರೆ? ವರ್ಷದ ಕೊನೆಯ ವಾರ ತುಂಬ ಜನ ಮಾರುತ್ತಾರೆ. ಆಗ ಮುಂದಿನ ಹದಿನೈದಕ್ಕೆ ಕಾಯುವ ಹಾಗಿಲ್ಲ. ಮಾರ್ಚ್ 31ರೊಳಗೆ ಆ ಲಾಭದ ತೆರಿಗೆ ಕಟ್ಟಿದರೆ ಅದನ್ನೂ ಮುಂಗಡ ತೆರಿಗೆ ಅಂತಲೇ ಒಪ್ಪಿಕೊಳ್ಳುತ್ತಾರೆ, ಬಡ್ಡಿ ಬೀಳುವುದಿಲ್ಲ. ಫಂಡಿನ ಹಣ ಖಾತೆಗೆ ಬರಲು ಎರಡು ಮೂರು ದಿನ ಹಿಡಿಯುತ್ತದೆ. 30ನೇ ತಾರೀಖಿಗೆ ಮಾರುವುದಾದರೆ ತೆರಿಗೆಯ ದುಡ್ಡು ಬೇರೆ ಕಡೆ ಸಿದ್ಧವಾಗಿ ಇಟ್ಟುಕೊಂಡಿರಿ. ನಮಸ್ಕಾರ.